ಕಾಗದ ಇದೆ, ಪ್ರಿಂಟರ್ ಮಾತ್ರ ಇಲ್ಲ ಅನ್ನುತ್ತದೆ

ಕೋಲ್ಕತ್ತಾದಲ್ಲಿ ಮಳೆಗಾಲ ಕಾಲಿಟ್ಟರೆ ನಮ್ಮಂಥ ಪ್ರಿಂಟರ್ ರಿಪೇರಿಯವರ ಫೋನಿಗೆ ಬಿಡುವಿಲ್ಲ. ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಕಾಗೊಜ್ ತೋ ಆಛೇ ದಾದಾ, ತೊಬು ಬೋಲ್ಛೇ ನೇಯ್.’ ಕಾಗದ ಇದೆಯಲ್ಲ ದಾದಾ, ಆದರೂ ಇಲ್ಲ ಅನ್ನುತ್ತಿದೆ. ಊರು ದಾವಣಗೆರೆಯಾದರೂ ಹನ್ನೆರಡು ವರ್ಷದಿಂದ ಇಲ್ಲಿ ಆಫೀಸ್ ಯಂತ್ರಗಳ ಸರ್ವಿಸ್ ಎಂಜಿನಿಯರ್ ಆಗಿರುವ ನನಗೆ ಬಂಗಾಳಿಯಲ್ಲಿ ಮೊದಲು ಬಾಯಿಪಾಠವಾದ ವಾಕ್ಯ ಇದೇ ಇರಬೇಕು.

ದೂರು ಒಂದೇ ಆದರೂ ಕಾರಣ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಜನ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ. ‘ಲಾಜಿಕ್ ಕಾರ್ಡ್ ಹೋಗಿದೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಹೊಸ ಪ್ರಿಂಟರ್ ತಂದವರ ಹಳೆಯ ಯಂತ್ರವನ್ನು ಬಿಚ್ಚಿ ನೋಡಿದರೆ, ಎಷ್ಟೋ ಸಲ ಒಳಗೆ ಕೆಟ್ಟಿರುವುದು ಕಿರುಬೆರಳಿನಷ್ಟು ಪ್ಲಾಸ್ಟಿಕ್ ತುಂಡು ಅಥವಾ ನುಣುಪಾದ ರಬ್ಬರ್. ಹೊರ ರಾಜ್ಯದಲ್ಲಿ ಮನೆಯಲ್ಲೊಂದು, ಆಫೀಸಿನಲ್ಲೊಂದು ಪ್ರಿಂಟರ್ ಇಟ್ಟುಕೊಂಡು, ಪರಿಚಯದ ಮೆಕ್ಯಾನಿಕ್ ಇಲ್ಲದೆ ಒದ್ದಾಡುವ ನಮ್ಮವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಿಂಟರ್‌ಗೆ ಕಾಗದ ಇದೆಯೆಂದು ಹೇಗೆ ಗೊತ್ತಾಗುತ್ತದೆ ನೋಡೋಣ. ಸಾಮಾನ್ಯ ಸಣ್ಣ ಲೇಸರ್ ಪ್ರಿಂಟರ್‌ನಲ್ಲಿ ಹಾಳೆ ಒಳಹೋಗುವ ಬಾಯಿಯ ಹತ್ತಿರ ಕಪ್ಪು ಪ್ಲಾಸ್ಟಿಕ್ಕಿನ ಒಂದು ಸಣ್ಣ ನಾಲಿಗೆ ನೇತಾಡುತ್ತಿರುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಸೆನ್ಸರ್ ಲಿವರ್ ಅಥವಾ ಫ್ಲ್ಯಾಗ್ ಅನ್ನುತ್ತಾರೆ. ಊರಿನ ಏತದ ಮರವನ್ನು ನೆನಪಿಸಿಕೊಳ್ಳಿ. ನಡುವೆ ಆಧಾರ, ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ. ನೇತಾಡುವ ತುದಿಯನ್ನು ಹಾಳೆ ಎತ್ತಿದಾಗ ಯಂತ್ರದೊಳಗಿನ ಇನ್ನೊಂದು ತುದಿ ಜರುಗುತ್ತದೆ. ಅಲ್ಲಿ ಯು ಆಕಾರದ ಪುಟ್ಟ ಸೆನ್ಸರ್ ಇರುತ್ತದೆ. ಅದರ ಒಂದು ಕಾಲಿನಿಂದ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಹೊರಟು ಇನ್ನೊಂದು ಕಾಲಿಗೆ ತಲುಪುತ್ತಿರುತ್ತದೆ. ಲಿವರಿನ ತುದಿ ಆ ಬೆಳಕಿಗೆ ಅಡ್ಡ ಬಂದಿತೋ ಇಲ್ಲವೋ ಎಂಬುದಷ್ಟೇ ಯಂತ್ರಕ್ಕೆ ತಿಳಿಯುವ ಸಂಗತಿ. ನೀವು ನೂರು ಹಾಳೆ ಇಟ್ಟಿದ್ದರೂ ಆ ನಾಲಿಗೆ ಮೇಲೇಳದಿದ್ದರೆ ಅದರ ಲೆಕ್ಕದಲ್ಲಿ ಟ್ರೇ ಖಾಲಿ.

ಇದು ಮೊದಲ ಪರೀಕ್ಷೆ. ಎರಡನೆಯದು ಇನ್ನೂ ಸ್ವಲ್ಪ ಒಳಗಿದೆ. ಕಾಗದ ಇದೆ ಎಂದು ಯಂತ್ರ ಒಪ್ಪಿಕೊಂಡ ಮೇಲೆ ಪಿಕಪ್ ರೋಲರ್ ಎಂಬ ರಬ್ಬರ್ ಉರುಳೆ ತಿರುಗಿ ಮೇಲಿನ ಹಾಳೆಯನ್ನು ಒಳಗೆ ತಳ್ಳುತ್ತದೆ. ಅದರ ಕೆಳಗಿರುವ ಸೆಪರೇಶನ್ ಪ್ಯಾಡ್ ಎಂಬ ಚಿಕ್ಕ ಪಟ್ಟಿ ಉಳಿದ ಹಾಳೆಗಳನ್ನು ತಡೆಹಿಡಿಯುತ್ತದೆ. ಒಳಹೋದ ಹಾಳೆ ನಿಗದಿಯಾದ ಸಮಯದೊಳಗೆ ದಾರಿಯಲ್ಲಿರುವ ಇನ್ನೊಂದು ಸೆನ್ಸರಿನ ಲಿವರನ್ನು ಮುಟ್ಟಬೇಕು. ಮುಟ್ಟದಿದ್ದರೆ ಯಂತ್ರ ಒಂದೆರಡು ಸಲ ಮತ್ತೆ ಪ್ರಯತ್ನಿಸಿ ಕೈಚೆಲ್ಲುತ್ತದೆ. ಪರದೆ ಇಲ್ಲದೆ ಬರೀ ದೀಪ ಇರುವ ಅಗ್ಗದ ಯಂತ್ರಗಳಲ್ಲಿ ಆಗಲೂ ಹೊತ್ತುವುದು ಅದೇ ಕಿತ್ತಳೆ ದೀಪ. ಹೀಗಾಗಿ ‘ಕಾಗದ ಇಲ್ಲ’ ಎಂಬ ಒಂದೇ ಮಾತಿಗೆ ಎರಡು ಅರ್ಥ. ನನಗೆ ಕಾಗದ ಕಾಣುತ್ತಿಲ್ಲ ಎಂಬುದೊಂದು, ಕೈ ಹಾಕಿದೆ ಆದರೆ ಸಿಗಲಿಲ್ಲ ಎಂಬುದಿನ್ನೊಂದು.

ಯಾವುದು ಎಂದು ಗುರುತಿಸಲು ಸ್ಕ್ರೂಡ್ರೈವರ್ ಬೇಡ, ಕಿವಿ ಸಾಕು. ಪ್ರಿಂಟ್ ಕೊಟ್ಟು ಸುಮ್ಮನೆ ಕೇಳಿಸಿಕೊಳ್ಳಿ. ರೋಲರ್ ತಿರುಗುವ ಸದ್ದೇ ಇಲ್ಲದೆ ಕೂಡಲೇ ದೀಪ ಹೊತ್ತಿದರೆ ಮೊದಲ ಸೆನ್ಸರನ್ನು ನೋಡಬೇಕು. ‘ಕಟಕ್, ಗರ್ರ್’ ಎಂದು ಎರಡು ಮೂರು ಸಲ ಎಳೆಯಲು ಹೆಣಗಿ ಆಮೇಲೆ ದೀಪ ಹೊತ್ತಿದರೆ ಮೊದಲ ಸೆನ್ಸರ್ ಚೆನ್ನಾಗಿದೆ, ತೊಂದರೆ ರೋಲರಿನಲ್ಲಿ ಅಥವಾ ಹಾಳೆಯಲ್ಲಿ. ಹಾಳೆ ಅರ್ಧ ಒಳಹೋಗಿ ನಿಂತರೆ ಅದು ಜಾಮ್, ಅದರ ಕಥೆ ಬೇರೆ.

ಹೋದ ವರ್ಷ ಜುಲೈನಲ್ಲಿ ಈ ಎರಡೂ ಕಾರಣಗಳು ಒಂದೇ ಯಂತ್ರದಲ್ಲಿ, ಒಂದೇ ಗಂಟೆಯಲ್ಲಿ ಸಿಕ್ಕವು. ಕಲ್ಕತ್ತಾ ಹೈಕೋರ್ಟ್ ಪಕ್ಕದ ಓಲ್ಡ್ ಪೋಸ್ಟ್ ಆಫೀಸ್ ಸ್ಟ್ರೀಟ್ ಕಡೆ ವಕೀಲರ ಕಚೇರಿಗಳ ನಡುವೆ ಪುಟ್ಟ ಪುಟ್ಟ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿವೆ. 1862ರಲ್ಲಿ ಶುರುವಾದ, ದೇಶದ ಅತಿ ಹಳೆಯ ಹೈಕೋರ್ಟ್ ಅದು. ಊರಿನ ಹೆಸರು ಬದಲಾದರೂ ಅದು ಇನ್ನೂ ಕಲ್ಕತ್ತಾ ಹೈಕೋರ್ಟೇ. ಸುತ್ತಲಿನ ಗಲ್ಲಿಗಳಲ್ಲಿ ಎಷ್ಟೋ ಸಂಸಾರಗಳ ಅನ್ನ ಅದರ ಕಾಗದಗಳಿಂದಲೇ ಹುಟ್ಟುತ್ತದೆ. ಅಂಥ ಒಂದು ಅಂಗಡಿಯ ದಾದಾ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡಿದರು. ಹಿಂದಿನ ದಿನ ನೋಡಿದ ಮೆಕ್ಯಾನಿಕ್ ಕಾರ್ಡ್ ಹೋಗಿದೆ, ನಾಲ್ಕೂವರೆ ಸಾವಿರ ಆಗುತ್ತದೆ, ಅದರ ಬದಲು ಹೊಸದೇ ತಗೊಳ್ಳಿ ಎಂದಿದ್ದನಂತೆ. ನಾನು ಹೋಗುವಷ್ಟರಲ್ಲಿ ಒಬ್ಬ ಜೂನಿಯರ್ ವಕೀಲೆ ಪೆನ್ ಡ್ರೈವ್ ಹಿಡಿದು ನಿಂತಿದ್ದರು. ಮೂವತ್ನಾಲ್ಕು ಪುಟದ ಅಫಿಡವಿಟ್, ಮೂರು ಪ್ರತಿ. ಪಕ್ಕದಲ್ಲೇ ಇನ್ನೂ ನಾಲ್ಕು ಅಂಗಡಿಗಳಿದ್ದವು. ದಾದಾನ ಚಿಂತೆ ಆ ದಿನದ ನೂರು ಪುಟದ್ದಲ್ಲ. ಇವತ್ತು ಪಕ್ಕಕ್ಕೆ ಹೋದ ಗಿರಾಕಿ ನಾಳೆಯೂ ಅಲ್ಲಿಗೇ ಹೋಗುತ್ತಾರೆ.

ಮೊದಲು ಕಂಪ್ಯೂಟರನ್ನು ಪಕ್ಕಕ್ಕಿಟ್ಟೆ. ಹೆಚ್ಚಿನ ಪ್ರಿಂಟರ್‌ಗಳು ತಮ್ಮ ಮೈಮೇಲಿನ ಬಟನ್ ಒತ್ತಿದರೆ ತಾವಾಗಿ ಒಂದು ಟೆಸ್ಟ್ ಪೇಜ್ ಕೊಡುತ್ತವೆ. ಸ್ಕ್ಯಾನರ್ ಇರುವವಾದರೆ ಒಂದು ಕಾಪಿ ತೆಗೆದರೂ ಆಯಿತು. ಅದು ಸರಿಯಾಗಿ ಬಂದರೆ ಯಂತ್ರಕ್ಕೆ ಏನೂ ಆಗಿಲ್ಲ, ದೋಷ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿದೆ. ಇಲ್ಲಿ ಬಟನ್ ಒತ್ತಿದ ತಕ್ಷಣ ಕಿತ್ತಳೆ ದೀಪ ಹೊತ್ತಿತು. ರೋಲರ್ ಸದ್ದಿಲ್ಲ. ಅಂದರೆ ಮೊದಲ ಸೆನ್ಸರ್.

ಟ್ರೇಯಲ್ಲಿದ್ದ ಹಾಳೆಗಳನ್ನೆಲ್ಲ ತೆಗೆದು, ಮೊಬೈಲ್ ಟಾರ್ಚ್ ಹಿಡಿದು, ಬಾಯಿಯೊಳಗಿನ ಆ ಕಪ್ಪು ನಾಲಿಗೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ಹಿಡಿದೆ. ದೀಪ ಆರಿತು. ಬಿಟ್ಟೆ, ಮತ್ತೆ ಹೊತ್ತಿತು. ನಾಲ್ಕೈದು ಸಲ ಮಾಡಿದರೂ ಅದೇ. ಈ ಒಂದು ಪರೀಕ್ಷೆಗೆ ನಾಲ್ಕೂವರೆ ಸಾವಿರದ ಬೆಲೆ ಇದೆ. ಲಿವರ್ ಎತ್ತಿದಾಗ ದೀಪ ಬದಲಾಗುತ್ತದೆ ಎಂದರೆ ಸೆನ್ಸರಿನ ಕಣ್ಣು ಸರಿಯಿದೆ, ಅದರ ವೈರ್ ಸರಿಯಿದೆ, ಆ ಸುದ್ದಿ ಕಾರ್ಡಿಗೆ ತಲುಪುತ್ತಿದೆ, ಕಾರ್ಡ್ ಅದನ್ನು ಓದುತ್ತಲೂ ಇದೆ. ದೀಪ ಬದಲಾಗದೇ ಇದ್ದಿದ್ದರೆ ಆಗ ಒಳಗೆ ಹುಡುಕಬೇಕಿತ್ತು. ಆಗಲೂ ಮೊದಲ ಅನುಮಾನ ಕಾರ್ಡಿನ ಮೇಲಲ್ಲ. ಯು ಆಕಾರದ ಸಂದಿಯಲ್ಲಿ ದೂಳು ಅಥವಾ ಕಾಗದದ ಚೂರು ಸಿಕ್ಕಿರಬಹುದು, ಲಿವರಿನ ಕೂದಲೆಳೆಯಂಥ ಸ್ಪ್ರಿಂಗ್ ಕಳಚಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಕ್ಯಾಮೆರಾ ಸ್ವಚ್ಛ ಮಾಡುವ ರಬ್ಬರ್ ಬ್ಲೋವರಿನಿಂದ ಆ ಸಂದಿಗೆ ಗಾಳಿ ಊದಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಹೋಗಿ ಕೂರುತ್ತದೆ.

ಹಾಗಾದರೆ ಬೆರಳು ಎತ್ತಿದ್ದನ್ನು ಕಾಗದ ಏಕೆ ಎತ್ತುತ್ತಿಲ್ಲ? ಹತ್ತು ಹಾಳೆ ಇಟ್ಟು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ. ಹಾಳೆಯ ಅಂಚು ನಾಲಿಗೆಯನ್ನು ಮುಟ್ಟದೆ ಅದರ ಕೆಳಗಿನಿಂದ ಸಲೀಸಾಗಿ ಹಾದುಹೋಗುತ್ತಿತ್ತು. ನಾಲಿಗೆಯ ತುದಿ ನಾಲ್ಕು ಮಿಲಿಮೀಟರಿನಷ್ಟು ಮುರಿದಿತ್ತು. ಕಪ್ಪು ಪ್ಲಾಸ್ಟಿಕ್ ಮುರಿದರೆ ಆ ಅಂಚು ಬಿಳಿಚಿಕೊಂಡಿರುತ್ತದೆ, ಟಾರ್ಚಿನಲ್ಲಿ ಚೆನ್ನಾಗಿ ಕಾಣುತ್ತದೆ. ಅವಸರದಲ್ಲಿ ದಪ್ಪ ಕಟ್ಟು ಹಾಳೆಯನ್ನು ಒಳಗೆ ಒದ್ದಾಗ ಅಥವಾ ಸಿಕ್ಕಿಕೊಂಡ ಹಾಳೆಯನ್ನು ಓರೆಯಾಗಿ ಹಿಂದಕ್ಕೆ ಎಳೆದಾಗ ಹೀಗಾಗುತ್ತದೆ. ಹಳೆಯ ಫೈಲ್ ಕವರಿನಿಂದ ಕಿರಿದಾದ ಪಟ್ಟಿ ಕತ್ತರಿಸಿ, ಪ್ರಿಂಟರ್ ಆಫ್ ಮಾಡಿ ಪ್ಲಗ್ ತೆಗೆದು, ಒಂದೇ ಒಂದು ಹನಿ ಫೆವಿಕ್ವಿಕ್‌ನಲ್ಲಿ ನಾಲಿಗೆಗೆ ಅಂಟಿಸಿದೆ. ಅಂಟು ಕೀಲಿಗೆ ಹರಿದರೆ ಲಿವರ್ ಶಾಶ್ವತವಾಗಿ ನಿಂತುಬಿಡುತ್ತದೆ. ಪಟ್ಟಿ ಉದ್ದವಾದರೆ ಹಾಳೆಯ ಮೂಲೆ ಮಡಚುತ್ತದೆ. ಒಣಗಿದ ಮೇಲೆ ಬೆರಳಲ್ಲಿ ಎತ್ತಿ ಬಿಟ್ಟಾಗ ತಾನಾಗಿ ಸರಕ್ಕನೆ ಕೆಳಗೆ ಬೀಳಬೇಕು. ಬಿತ್ತು. ಹಾಳೆ ಇಟ್ಟು ಪ್ಲಗ್ ಹಾಕಿದೆ, ದೀಪ ಹಸಿರಾಯಿತು. ಇದು ತಾತ್ಕಾಲಿಕ ಏರ್ಪಾಡು ಎಂದು ದಾದಾಗೆ ಮೊದಲೇ ಹೇಳಿದ್ದೆ.

ಪ್ರಿಂಟ್ ಶುರುವಾಯಿತು. ಆರು ಪುಟ ಬಂತು. ಏಳನೆಯದಕ್ಕೆ ಕಟಕ್, ಗರ್ರ್, ಮತ್ತೆ ಕಟಕ್, ಗರ್ರ್. ಮತ್ತೆ ಅದೇ ಕಿತ್ತಳೆ ದೀಪ. ದಾದಾ ತಲೆಯ ಮೇಲೆ ಕೈಹೊತ್ತು ‘ಆಬಾರ್!’ ಎಂದರು. ಮತ್ತೆ ಅದೇ ತೊಂದರೆ ಎಂದು ಅವರು ಅಂದುಕೊಂಡರು, ನನಗೆ ಮಾತ್ರ ಸದ್ದು ಬೇರೆಯೇ ಹೇಳುತ್ತಿತ್ತು. ಯಂತ್ರ ಕಾಗದವನ್ನು ಕಂಡಿದೆ, ಎಳೆಯಲು ನೋಡಿದೆ, ಆಗಿಲ್ಲ. ಟ್ರೇಯಲ್ಲಿ ಮೇಲಿನ ಹಾಳೆ ಒಂದಿಷ್ಟೂ ಜರುಗಿರಲಿಲ್ಲ.

ಟೋನರ್ ಕಾರ್ಟ್ರಿಡ್ಜ್ ಹೊರತೆಗೆದು ಪತ್ರಿಕೆಯ ಹಾಳೆ ಮುಚ್ಚಿಟ್ಟೆ. ಅದರ ಡ್ರಮ್ಮಿಗೆ ಬೆಳಕು ಆಗದು. ಈ ಕೆಲಸಕ್ಕೆ ಮುಂಚೆ ಪ್ಲಗ್ ತೆಗೆಯಲೇಬೇಕು. ಟೋನರನ್ನು ಹಾಳೆಗೆ ಬೇಯಿಸುವ ಫ್ಯೂಸರ್ ಭಾಗ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ, ಅತ್ತ ಕೈ ಹೋಗಬಾರದು. ಕಾರ್ಟ್ರಿಡ್ಜ್ ತೆಗೆದ ಗೂಡಿನ ಕೆಳಗೆ ಪಿಕಪ್ ರೋಲರ್ ಕಂಡಿತು. ಹೊಸ ರಬ್ಬರ್ ಮಂಕಾಗಿ, ಮುಟ್ಟಿದರೆ ಸ್ವಲ್ಪ ಹಿಡಿದುಕೊಂಡಂತೆ ಇರುತ್ತದೆ. ಇದು ಪಾಲಿಶ್ ಮಾಡಿದ ಬೂಟಿನ ಹಾಗೆ ಮಿರುಗುತ್ತಿತ್ತು. ಕಾಗದವನ್ನು ಬೆಳ್ಳಗೆ ನುಣ್ಣಗೆ ಮಾಡಲು ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿರುತ್ತಾರೆ. ಆ ಪುಡಿ, ಕಾಗದದ ನಾರು ಎರಡೂ ಉದುರಿ ರಬ್ಬರಿನ ಮೇಲೆ ಪದರ ಕಟ್ಟುತ್ತವೆ. ಕೇರಂ ಬೋರ್ಡಿಗೆ ಪೌಡರ್ ಹಾಕಿದಂತೆ ರೋಲರ್ ಜಾರುತ್ತದೆ.

ನಾರು ಬಿಡದ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ರೋಲರನ್ನು ಸುತ್ತ ತಿರುಗಿಸುತ್ತಾ ಒರೆಸಿದೆ. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಬೇಕು. ಸೆಪರೇಶನ್ ಪ್ಯಾಡನ್ನೂ ಹಾಗೆಯೇ. ಜಿಡ್ಡು ಗಟ್ಟಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬಳಸಬಹುದು. ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಮಾತ್ರ ಬೇಡ, ರಬ್ಬರನ್ನೇ ತಿಂದುಬಿಡುತ್ತವೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜುವುದು ನಮ್ಮ ಕಸುಬಿನಲ್ಲಿ ಎಲ್ಲ ಕಡೆ ಇರುವ ಜುಗಾಡ್. ಕೆಲವು ದಿನ ಓಡುತ್ತದೆ ನಿಜ. ಆದರೆ ಉಜ್ಜಿದಷ್ಟೂ ರೋಲರಿನ ಸುತ್ತಳತೆ ಕಡಿಮೆಯಾಗಿ ಹಾಳೆಯ ಮೇಲೆ ಒತ್ತಡ ಇಳಿಯುತ್ತದೆ, ಆಮೇಲೆ ಮೊದಲಿಗಿಂತ ಹೆಚ್ಚು ಜಾರುತ್ತದೆ.

ರೋಲರ್ ಒಣಗುವ ಹೊತ್ತಿಗೆ ದಾದಾನ ರೀಮನ್ನು ನೋಡಿದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟಿದ್ದರು, ಕವರ್ ಹರಿದಿತ್ತು. ಮೇಲಿನ ಹಾಳೆಗಳ ಅಂಚು ಅಲೆಅಲೆಯಾಗಿ ಎದ್ದಿತ್ತು. ಕೋಲ್ಕತ್ತಾದ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 80 ದಾಟುವುದು ಸಾಮಾನ್ಯ, ಆ ಪ್ರದೇಶದ ಹಳೆಯ ಕಟ್ಟಡಗಳ ಗೋಡೆಗಳಿಗೆ ಅದು ಸಾಲದೆಂಬಂತೆ ನೆಲದಿಂದಲೂ ತೇವ ಏರುತ್ತದೆ. ಕಾಗದ ಗಾಳಿಯಿಂದ ನೀರು ಹೀರುತ್ತದೆ. ಹೀರಿದ ಹಾಳೆ ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟುತ್ತದೆ, ಅಂಚು ಸುರುಳಿಯಾಗುತ್ತದೆ. ಮೊದಲೇ ಜಾರುತ್ತಿದ್ದ ರೋಲರಿಗೆ ಅಂಟಿದ ಹಾಳೆಯನ್ನು ಬಿಡಿಸುವ ಶಕ್ತಿ ಎಲ್ಲಿಂದ ಬರಬೇಕು? ಕಪಾಟಿನ ಮೇಲಿನ ಅಂಕಣದಲ್ಲಿದ್ದ ಹೊಸ ರೀಮನ್ನು ಒಡೆಸಿ, ಇಸ್ಪೀಟು ಎಲೆಯಂತೆ ಎರಡೂ ಕಡೆಯಿಂದ ಬಿಡಿಸಿ ಗಾಳಿ ಆಡಿಸಿ, ಮೇಜಿನ ಮೇಲೆ ಕುಟ್ಟಿ ಸಮ ಮಾಡಿ ಇಟ್ಟೆ. ಟ್ರೇಯ ಪಕ್ಕದ ಗೈಡುಗಳು ಹಾಳೆಯನ್ನು ಮುಟ್ಟಿರಬೇಕು, ಬಿಗಿಯಬಾರದು. ಮೂವತ್ನಾಲ್ಕು ಪುಟದ ಪ್ರತಿ ಮೂರು ನಿಮಿಷದೊಳಗೆ ಬಂತು. ಮೂರೂ ಪ್ರತಿ ಎತ್ತಿಕೊಂಡು ಆ ವಕೀಲೆ ಕೊಡೆ ಬಿಚ್ಚಿ ನೋಟರಿಯತ್ತ ಓಡಿದರು.

ರಿಯಾದ್‌ನಂಥ ಕಡೆ ಇರುವವರು ನಮಗೆ ತೇವದ ಕಾಟವಿಲ್ಲ ಎಂದುಕೊಳ್ಳಬೇಡಿ. ತೀರ ಒಣ ಗಾಳಿಯಲ್ಲಿ ಹಾಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿಕೊಂಡು ಹಾಗೆಯೇ ಅಂಟುತ್ತವೆ. ಬಿಡಿಸಿ ಗಾಳಿ ಆಡಿಸುವುದು ಅಲ್ಲೂ ಬೇಕು. ಮುಂಬೈ, ಚೆನ್ನೈ, ಕೊಚ್ಚಿ ಕಡೆಯವರಿಗೆ ನನ್ನ ಸಲಹೆ ಒಂದೇ: ರೀಮು ಒಡೆದ ಮೇಲೆ ಉಳಿದ ಹಾಳೆಯನ್ನು ಅದರ ಕವರಿನಲ್ಲೇ ಸುತ್ತಿಡಿ. ಆ ಕವರಿನ ಒಳಮೈಗೆ ತೇವ ತಡೆಯುವ ಲೇಪ ಇರುತ್ತದೆ. ರಜೆಗೆ ಊರಿಗೆ ಹೊರಡುವಾಗ ಟ್ರೇಯಲ್ಲಿರುವುದನ್ನೂ ತೆಗೆದಿಡಿ.

ಮನೆಗಳಲ್ಲಿ ಹೆಚ್ಚಾಗಿರುವ, ಹಿಂಬದಿಯಲ್ಲಿ ಹಾಳೆ ನಿಲ್ಲಿಸುವ ಇಂಕ್ ಪ್ರಿಂಟರ್‌ಗಳ ಲೆಕ್ಕ ಸ್ವಲ್ಪ ಬೇರೆ. ಇವುಗಳಲ್ಲಿ ಅನೇಕವಕ್ಕೆ ಟ್ರೇಯಲ್ಲಿ ಸೆನ್ಸರೇ ಇಲ್ಲ. ದಾರಿಯಲ್ಲಿರುವ ಒಂದೇ ಸೆನ್ಸರಿಗೆ ಹಾಳೆ ತಲುಪಿದರೆ ಕಾಗದ ಇದೆ, ತಲುಪದಿದ್ದರೆ ಇಲ್ಲ. ಹಾಗಾಗಿ ಇವು ಯಾವಾಗಲೂ ಮೊದಲು ಎಳೆದು ನೋಡಿಯೇ ದೂರು ಹೇಳುತ್ತವೆ. ಹಿಂದಿನ ಬಾಯಿ ಆಕಾಶಕ್ಕೆ ತೆರೆದಿರುವುದರಿಂದ ಅದರೊಳಗೆ ಏನು ಬೇಕಾದರೂ ಬೀಳುತ್ತದೆ. ಪೆನ್ಸಿಲ್ ತುಂಡು, ಜೆಮ್ ಕ್ಲಿಪ್, ನಾಣ್ಯ, ಒಂದು ಮನೆಯಲ್ಲಂತೂ ಮಗುವಿನ ಲೂಡೋ ಕಾಯಿ ನಾನೇ ತೆಗೆದಿದ್ದೇನೆ. ಟಾರ್ಚ್ ಬಿಟ್ಟು ನೋಡದೆ ರೋಲರನ್ನು ದೂರಬೇಡಿ. ಪ್ರಿಂಟರ್ ಆಫ್ ಮಾಡಿ, ಇಂಕ್ ಚೆಲ್ಲದಂತೆ ನೆಟ್ಟಗೆ ಇಟ್ಟುಕೊಂಡೇ ಚಿಮಟದಿಂದ ತೆಗೆಯಿರಿ, ಬೋರಲು ಹಾಕಿ ಕುಲುಕುವ ಸಾಹಸ ಬೇಡ. ಏನೂ ಸಿಗದಿದ್ದರೆ ಆಗ ರೋಲರ್ ಒರೆಸುವ ಕೆಲಸ.

ಟೆಸ್ಟ್ ಪೇಜ್ ಚೆನ್ನಾಗಿ ಬಂದು, ಕಂಪ್ಯೂಟರಿನಿಂದ ಕೊಟ್ಟಾಗ ಮಾತ್ರ ಕಾಗದ ಕೇಳಿದರೆ ಅಳತೆ ನೋಡಿ. ನಮ್ಮಲ್ಲಿ ಬಳಕೆಯಲ್ಲಿರುವ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಅಮೆರಿಕದ ಲೆಟರ್ ಹಾಳೆ 216 ಅಗಲ, 279 ಉದ್ದ. ಅಲ್ಲಿಂದ ಬಂದ ಫೈಲಿನಲ್ಲಿ ಲೆಟರ್ ಅಳತೆ ಇದ್ದು ಟ್ರೇ ಎ4ಗೆ ಸೆಟ್ ಆಗಿದ್ದರೆ, ಕೆಲವು ಯಂತ್ರಗಳು ನೂರು ಎ4 ಹಾಳೆ ಇಟ್ಟುಕೊಂಡೇ ಲೆಟರ್ ಹಾಳೆಗಾಗಿ ಕಾಯುತ್ತವೆ. ಹಳೆಯ ಪ್ರಿಂಟರ್‌ಗಳ ಪರದೆಯಲ್ಲಿ `PC LOAD LETTER` ಎಂದು ಬರುತ್ತಿದ್ದುದು ಇದೇ. ಅದರಲ್ಲಿ ಮೊದಲ ಎರಡಕ್ಷರ ಕಂಪ್ಯೂಟರಿನದಲ್ಲ, ಪೇಪರ್ ಕ್ಯಾಸೆಟ್ ಅಂದರೆ ಕಾಗದದ ಟ್ರೇ ಎಂದರ್ಥ. ಪ್ರಿಂಟ್ ಕೊಡುವಾಗ ಹಾಳೆಯ ಅಳತೆಯನ್ನು ಎ4 ಮಾಡಿದರೆ ಮುಗಿಯಿತು.

ಒರೆಸಿದ ಮೇಲೂ, ಒಣ ಹಾಳೆ ಇಟ್ಟ ಮೇಲೂ ಯಂತ್ರ ಎಳೆಯದಿದ್ದರೆ ಮತ್ತೊಮ್ಮೆ ಕಿವಿಗೊಡಿ. ಕಟಕ್ ಎನ್ನುವುದು ಸೊಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ಕಾಂತದ ಸದ್ದು, ರೋಲರಿಗೆ ತಿರುಗಲು ಬಿಡುವುದು ಅದು. ಅದರ ಮೇಲಿನ ಸ್ಪಂಜಿನ ತುಂಡು ವರ್ಷಗಳಾದ ಮೇಲೆ ಕರಗಿ ಅಂಟಾಗುತ್ತದೆ. ಆಗ ರೋಲರ್ ತಡವಾಗಿ ತಿರುಗುತ್ತದೆ, ಇಲ್ಲವೇ ಒಂದರ ಹಿಂದೆ ಇನ್ನೊಂದು ಹಾಳೆ ಬರುತ್ತದೆ. ಇದಕ್ಕೆ ಬದಿಯ ಕವರ್ ಬಿಚ್ಚಬೇಕಾದ್ದರಿಂದ ಮೆಕ್ಯಾನಿಕ್‌ಗೆ ಬಿಡಿ. ಆದರೆ ಸೊಲೆನಾಯ್ಡ್ ನೋಡಿ ಎಂದು ನೀವೇ ಹೇಳಿದರೆ ಆತ ಕಾರ್ಡಿನ ಮಾತು ಎತ್ತುವ ಮುಂಚೆ ಯೋಚಿಸುತ್ತಾನೆ.

ಮಾರನೆಯ ದಿನ ದಾದಾನ ಯಂತ್ರಕ್ಕೆ ಭಾಗ ತರಲು ಚಾಂದ್ನಿ ಚೌಕ್‌ಗೆ ಹೋದೆ. ನಮ್ಮ ಬೆಂಗಳೂರಿನ ಎಸ್‌.ಪಿ. ರೋಡ್, ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್ ಇದ್ದಂತೆ ಕೋಲ್ಕತ್ತಾಕ್ಕೆ ಅದು. ಸಣ್ಣ ಲೇಸರ್‌ಗಳ ಪಿಕಪ್ ರೋಲರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಮಾಡೆಲ್ ಹೆಸರು ಹೇಳಿದರೆ ಸಾಲದು, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ಅಕ್ಕಪಕ್ಕ ಇಟ್ಟು ಅಳತೆ, ಕೊಂಡಿ ಎರಡನ್ನೂ ಹೋಲಿಸಬೇಕು. ಉಗುರಿನಿಂದ ಒತ್ತಿ ನೋಡಿ. ರಬ್ಬರ್ ಕುಗ್ಗಿ ಹಿಂದಕ್ಕೆ ಬರಬೇಕು. ಗಟ್ಟಿ ಪ್ಲಾಸ್ಟಿಕ್ಕಿನಂತಿದ್ದರೆ ಅದು ಹೊಸದಾಗಿಯೇ ಹಳತು. ಜತೆಗೆ ಸೆಪರೇಶನ್ ಪ್ಯಾಡನ್ನೂ ತಗೊಳ್ಳಿ, ಒಂದು ಸವೆದಿದ್ದರೆ ಇನ್ನೊಂದೂ ಸವೆದಿರುತ್ತದೆ. ಮುರಿದ ಲಿವರ್ ಮಾತ್ರ ಬಿಡಿಯಾಗಿ ಸಿಗುವುದು ಕಷ್ಟ, ಗುಜರಿಗೆ ಬಂದ ಅದೇ ಮಾಡೆಲಿನ ಯಂತ್ರದಿಂದ ಕಳಚಬೇಕು. ಮೂರನೇ ಅಂಗಡಿಯ ಮುದುಕಪ್ಪ ರಟ್ಟಿನ ಡಬ್ಬಿ ಕೆದಕಿ ಒಂದನ್ನು ತೆಗೆದುಕೊಟ್ಟು ಐವತ್ತು ರೂಪಾಯಿ ಕೇಳಿದ.